ನನ್ನ ಸೊಂಟ, ಅವರ ಸೊಂಟ, ಒಂದೇ ಮಂಚ

ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದರೆ ಸೊಂಟ ಬಗ್ಗುತ್ತಿರಲಿಲ್ಲ. ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದು ಕೈಯಲ್ಲಿ ನಾಲ್ಕು ಗೆರೆ ಎಳೆದು ಎದ್ದುಬಿಡುತ್ತಿದ್ದೆ. ಕಾಫಿ ಕುಡಿದು, ಸ್ನಾನ ಮುಗಿಸಿ, ಡಬ್ಬಿ ಕಟ್ಟುವ ಹೊತ್ತಿಗೆ ನೋವು ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಸ್ಕೂಲಿನಲ್ಲಿ ಆರು ಪೀರಿಯಡ್ ನಿಂತು ಪಾಠ ಮಾಡಿದರೂ ಏನೂ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ದಿನವಿಡೀ ದುಡಿದಾಗ ಬಾರದ ನೋವು ರಾತ್ರಿ ಮಲಗಿದ್ದಕ್ಕೆ ಬರುತ್ತಿದೆ ಎಂದು ನನಗೆ ಹೊಳೆಯಲು ಸುಮಾರು ಎಂಟು ತಿಂಗಳು ಬೇಕಾಯಿತು. ದಸರಾ ರಜೆಯಲ್ಲಿ ತಿಪಟೂರಿನ ಕಡೆ ಇರುವ ಅಮ್ಮನ ಮನೆಗೆ ಹೋದಾಗ ನೆಲದ ಮೇಲೆ ಹಳೇ ಬೂರುಗದ ಹತ್ತಿಯ ಹಾಸಿಗೆ ಹಾಸಿಕೊಂಡು ಮಲಗಿದೆ. ಐದು ದಿನವೂ ಸೊಂಟ ಸುಮ್ಮನಿತ್ತು. ತುಮಕೂರಿಗೆ ವಾಪಸ್ ಬಂದ ಎರಡನೇ ಬೆಳಿಗ್ಗೆಗೆ ನೋವೂ ವಾಪಸ್ ಬಂತು.

ಹಾಗಂತ ನೇರವಾಗಿ ಹಾಸಿಗೆ ಅಂಗಡಿಗೆ ಓಡಲಿಲ್ಲ. ಮೊದಲು ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಪ್ರಶ್ನೆಗಳು ಈಗಲೂ ನೆನಪಿವೆ. ಎದ್ದ ಮೇಲೆ ಬಿಗಿತ ಎಷ್ಟು ಹೊತ್ತು ಇರುತ್ತದೆ? ನೋವಿನಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದಾ? ಕಾಲಿಗೆ ಜೋಮು ಇಳಿಯುತ್ತದಾ, ಕಾಲಲ್ಲಿ ಬಲ ಕಡಿಮೆ ಆಗಿದೆಯಾ? ಮೂತ್ರ ಹಿಡಿದುಕೊಳ್ಳಲು ಕಷ್ಟ ಆಗುತ್ತಿದೆಯಾ? ಜ್ವರ, ಕಾರಣವಿಲ್ಲದೆ ತೂಕ ಇಳಿದದ್ದು? ನನಗೆ ಇವು ಯಾವುವೂ ಇರಲಿಲ್ಲ. ಬಿಗಿತ ಇಪ್ಪತ್ತು ನಿಮಿಷಕ್ಕೆಲ್ಲ ಬಿಡುತ್ತಿತ್ತು. ಅರ್ಧ ಗಂಟೆ ದಾಟಿದರೂ ಬಿಡದ ಬಿಗಿತ, ರಾತ್ರಿಯ ಎರಡನೇ ಭಾಗದಲ್ಲಿ ಎಬ್ಬಿಸುವ ನೋವು, ಅದರಲ್ಲೂ ನಲವತ್ತರ ಒಳಗೆ ಶುರುವಾಗಿದ್ದರೆ, ಬೆನ್ನಿನ ಕೀಲುಗಳ ಉರಿಯೂತ ಇರಬಹುದು, ಅದಕ್ಕೆ ಎಂಥ ಹಾಸಿಗೆಯೂ ಮದ್ದಲ್ಲ ಎಂದರು. ಆಮೇಲೆ ಕೇಳಿದರು, “ಮನೇಲಿ ಯಾವ ಹಾಸಿಗೆ?”

“ಗಟ್ಟಿದೇ ಸಾರ್, ಕಾಯರ್” ಎಂದೆ, ಒಳ್ಳೆಯ ಉತ್ತರ ಕೊಟ್ಟ ವಿದ್ಯಾರ್ಥಿಯ ಹಾಗೆ.

ಆ ಕಾಯರ್ ಬೆಡ್, ಅಂದರೆ ತೆಂಗಿನ ನಾರಿನ ಹಾಸಿಗೆ, ಏಳು ವರ್ಷದ ಹಿಂದೆ ಬಂದದ್ದು ನಮ್ಮ ಮನೆಯವರ ಸೊಂಟಕ್ಕಾಗಿ. ಬೆನ್ನು ನೋವು ಅಂದರೆ ಗಟ್ಟಿ ಹಾಸಿಗೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅತ್ತೆ ಹೇಳಿದರು, ಪಕ್ಕದ ಮನೆಯವರು ಹೇಳಿದರು, ಅಂಗಡಿಯವನಂತೂ ಮುಷ್ಟಿಯಿಂದ ಗುದ್ದಿ ತೋರಿಸಿದ. ನನಗೂ ನಂಬಿಕೆ ಇತ್ತು. ತೆಂಗಿನ ಸೀಮೆಯವಳು, ನಾರು ಅಂದರೆ ನಮ್ಮೂರಿನ ಸಾಮಾನು.

ನಾರಿನ ಹಾಸಿಗೆ ಹೇಗೆ ಆಗುತ್ತದೆ ಎಂದು ತಿಳಿದರೆ ಅದು ಎಲ್ಲಿ ಸೋಲುತ್ತದೆ ಎಂಬುದೂ ತಿಳಿಯುತ್ತದೆ. ತೆಂಗಿನ ನಾರನ್ನು ಮೊದಲು ಹಗ್ಗದ ಹಾಗೆ ಬಿಗಿಯಾಗಿ ಹೊಸೆಯುತ್ತಾರೆ. ಹಬೆ ಕೊಟ್ಟು ಹಾಗೇ ಬಿಡುತ್ತಾರೆ. ಆಮೇಲೆ ಹುರಿ ಬಿಚ್ಚಿದರೆ ನಾರು ನೆಟ್ಟಗಾಗುವುದಿಲ್ಲ, ಜಡೆ ಬಿಚ್ಚಿದ ಕೂದಲಿನ ಹಾಗೆ ಸುರುಳಿಯಾಗಿಯೇ ನಿಲ್ಲುತ್ತದೆ. ಆ ಸುರುಳಿಗಳೇ ಅದರ ಸ್ಪ್ರಿಂಗು. ಅದನ್ನು ಹಾಳೆಯಾಗಿ ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಒಂದರ ಮೇಲೊಂದು ಇಟ್ಟು, ಬಿಸಿ ಮಾಡಿ ಒತ್ತುತ್ತಾರೆ. ನಾರು ನಾರು ಕೂಡುವ ಕಡೆಯಲ್ಲೆಲ್ಲ ರಬ್ಬರಿನ ಒಂದು ಚಿಕ್ಕ ಗಂಟು ಬೀಳುತ್ತದೆ. ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆನ್ನು ಬೆವರುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೆ ವರ್ಷಗಟ್ಟಲೆ ಭಾರ ಒಂದೇ ಜಾಗಕ್ಕೆ ಬಿದ್ದರೆ ಆ ರಬ್ಬರ್ ಗಂಟುಗಳು ಒಣಗಿ ಬಿರಿಯುತ್ತವೆ. ಸುರುಳಿ ಚಪ್ಪಟೆಯಾಗುತ್ತದೆ. ಒಮ್ಮೆ ಚಪ್ಪಟೆಯಾದರೆ ಬಿಸಿಲಿಗೆ ಹಾಕಿದರೂ ಏಳುವುದಿಲ್ಲ. ಹತ್ತಿ ಹಾಸಿಗೆಯಾದರೆ ಪಿಂಜಾರರನ್ನು ಕರೆದು ಬಿಲ್ಲು ಹೊಡೆಸಿ ಮತ್ತೆ ತುಂಬಿಸಬಹುದಿತ್ತು, ಇಲ್ಲಿ ಅದಕ್ಕೂ ದಾರಿಯಿಲ್ಲ. ಮಂಚದ ಕೆಳಗೆ ಗುಡಿಸುವಾಗ ಕಂದು ಪುಡಿ ಸಿಗಲು ಶುರುವಾದರೆ ಒಳಗೆ ಕೆಲಸ ಮುಗಿಯುತ್ತಿದೆ ಎಂದರ್ಥ. ನಾನು ಎರಡು ವರ್ಷ ಆ ಪುಡಿಯನ್ನು ಗುಡಿಸಿದ್ದೇನೆ, ಗೆದ್ದಲೇನೋ ಅಂದುಕೊಂಡು.

ಡಾಕ್ಟರ ಹತ್ತಿರದಿಂದ ಬಂದ ಸಂಜೆ ದಾರ ತಂದು ಅಳೆದೆ. ಹಾಸಿಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರ ಎಳೆದು ಬಿಗಿಯಾಗಿ ಹಿಡಿಯಬೇಕು. ನಡುವೆ ಸ್ಕೇಲ್ ಇಟ್ಟು ದಾರಕ್ಕೂ ಹಾಸಿಗೆಗೂ ಎಷ್ಟು ಅಂತರ ಇದೆ ಎಂದು ನೋಡಬೇಕು. ಮೇಲೆ ಯಾರೂ ಮಲಗಿರಬಾರದು. ನಮ್ಮ ಮನೆಯವರ ಕಡೆ 4 ಸೆಂಟಿಮೀಟರ್ ಗುಂಡಿ. ನನ್ನ ಕಡೆ ಅರ್ಧ ಸೆಂಟಿಮೀಟರೂ ಇಲ್ಲ, ಹೊಸದರ ಹಾಗೆಯೇ ಗಟ್ಟಿ. ಅವರು 84 ಕಿಲೋ, ನಾನು 52. ಅವರು ಅಂಗಾತ ಮಲಗುವವರು, ನಾನು ಮಗ್ಗುಲಾಗಿ.

ಅಂದರೆ ಒಂದೇ ಹಾಸಿಗೆ ಇಬ್ಬರಿಗೆ ಎರಡು ಥರ ಕೆಡುಕು ಮಾಡುತ್ತಿತ್ತು. ಅವರ ಪೃಷ್ಠ ಗುಂಡಿಯಲ್ಲಿ ಕುಳಿತು ಸೊಂಟ ಜೋಲಿಯ ಹಾಗೆ ಬಾಗುತ್ತಿತ್ತು. ನನ್ನದು ಅದರ ಉಲ್ಟಾ. ಮಗ್ಗುಲಾದಾಗ ಭುಜ ಮತ್ತು ನಿತಂಬದ ಮೂಳೆ ಒಳಗೆ ಇಳಿಯಬೇಕು, ಆಗ ಸೊಂಟದ ತಗ್ಗಿಗೆ ಹಾಸಿಗೆ ತಾಗಿ ಆಸರೆ ಸಿಗುತ್ತದೆ, ಬೆನ್ನುಮೂಳೆ ನೇರ ನಿಲ್ಲುತ್ತದೆ. ಹಗುರ ಮೈಯವರು ಗಟ್ಟಿ ಹಾಸಿಗೆಯಲ್ಲಿ ಇಳಿಯುವುದೇ ಇಲ್ಲ. ಎರಡು ಕಲ್ಲಿನ ಮೇಲೆ ಹಲಗೆ ಇಟ್ಟ ಹಾಗೆ, ನಡುವೆ ಸೊಂಟ ರಾತ್ರಿಯೆಲ್ಲ ನೇತಾಡುತ್ತದೆ. ಅಮ್ಮನ ಮನೆಯ ಬೂರುಗದ ಹತ್ತಿ ಹಾಸಿಗೆಯ ಕೆಳಗೆ ಗಟ್ಟಿ ನೆಲ ಇತ್ತು, ಮೇಲೆ ಮಾತ್ರ ನಾಲ್ಕು ಬೆರಳು ಮೆತ್ತಗಿತ್ತು. ನನಗೆ ಬೇಕಾಗಿದ್ದು ಆ ನಾಲ್ಕು ಬೆರಳು.

ಇದು ನನ್ನ ಊಹೆಯೋ ನಿಜವೋ ನೋಡಲು ಖರ್ಚಿಲ್ಲದ ಪರೀಕ್ಷೆ ಮಾಡಿದೆ. ನನ್ನ ಕಡೆ ಎರಡು ಕೌದಿ ಮಡಿಸಿ ಹಾಸಿ, ಅದರ ಮೇಲೆ ಹೊದಿಕೆ ಹಾಕಿ ಒಂದು ವಾರ ಮಲಗಿದೆ. ಬೆಳಗಿನ ನೋವು ಅರ್ಧಕ್ಕಿಳಿಯಿತು. ಅವರ ಕಡೆ ಗುಂಡಿ ಇದ್ದ ಜಾಗದಲ್ಲಿ ಹಾಸಿಗೆ ಕೆಳಗೆ ಪ್ಲೈವುಡ್ ತುಂಡು ಸೇರಿಸಿ ನೋಡಿದೆವು. ಏನೂ ಪ್ರಯೋಜನ ಆಗಲಿಲ್ಲ. ಹಲಗೆ ಬಗ್ಗಿದ ಮಂಚಕ್ಕೆ ಅದು ಸರಿ, ಹಾಸಿಗೆಯೇ ಒಳಗೆ ಕುಸಿದಿದ್ದರೆ ಕೆಳಗೆ ಏನು ಇಟ್ಟರೇನು? ಹೊಸ ಹಾಸಿಗೆ ತೆಗೆದುಕೊಳ್ಳುವ ಮೊದಲು ಯಾರೇ ಆದರೂ ಈ ಕೌದಿ ಪರೀಕ್ಷೆ ಮಾಡಬೇಕು ಎನ್ನುವುದು ನನ್ನ ಹಟ. ಒಂದು ವಾರದಲ್ಲಿ ಏನೂ ಬದಲಾಗದಿದ್ದರೆ ತಪ್ಪು ಬೇರೆ ಎಲ್ಲೋ ಇರುವ ಸಾಧ್ಯತೆ ಜಾಸ್ತಿ.

ಗಟ್ಟಿ ಹಾಸಿಗೆಯ ನಂಬಿಕೆಯನ್ನು ಸ್ಪೇನ್ ದೇಶದ ವೈದ್ಯರು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಹಳ ದಿನದಿಂದ ಸೊಂಟ ನೋವಿದ್ದ, ಮಲಗಿದಾಗ ಮತ್ತು ಏಳುವಾಗ ನೋವು ಎನ್ನುತ್ತಿದ್ದ 313 ಜನರಿಗೆ ಮನೆಯ ಹಾಸಿಗೆ ಬದಲಾಯಿಸಿಕೊಟ್ಟರು. ಕೆಲವರಿಗೆ ಗಟ್ಟಿಯದು, ಕೆಲವರಿಗೆ ನಡುಮಟ್ಟದ್ದು. ಯಾರಿಗೆ ಯಾವುದು ಎಂದು ಅವರಿಗೆ ಹೇಳಲಿಲ್ಲ. 90 ದಿನ ಆದ ಮೇಲೆ ನೋಡಿದರೆ ನಡುಮಟ್ಟದ ಹಾಸಿಗೆಯವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಇದನ್ನು ಓದುವಾಗ ಒಂದು ತಕರಾರು. ಅಲ್ಲಿ ಬಳಸಿದ ಯುರೋಪಿನ ಅಳತೆಯಲ್ಲಿ 1 ಅಂದರೆ ಅತಿ ಗಟ್ಟಿ, 10 ಅಂದರೆ ಅತಿ ಮೆತ್ತಗೆ. ನಡುಮಟ್ಟದ್ದು 5.6, ಗಟ್ಟಿಯದು 2.3. ಆನ್‌ಲೈನ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಲೆಕ್ಕ ತಿರುಗಾಮುರುಗಾ, 10 ಅಂದರೆ ಗಟ್ಟಿ. ಅಂಕಿ ನೋಡಿ ಹಾಸಿಗೆ ತೆಗೆದುಕೊಳ್ಳುವವರು ಯಾವ ಕಡೆಯಿಂದ ಎಣಿಸಿದ್ದು ಎಂದು ಕೇಳಬೇಕು.

ಹಾಗಂತ ನಡುಮಟ್ಟ ಅನ್ನುವುದು ಹಾಸಿಗೆಯ ಗುಣ ಮಾತ್ರ ಅಲ್ಲ. ಯಾರು ಮಲಗುತ್ತಾರೆ ಅನ್ನುವುದೂ ಅದರಲ್ಲಿ ಸೇರಿದೆ. ನನಗೆ ನಡುಮಟ್ಟದ ಹಾಸಿಗೆ ಅವರಿಗೆ ಮೆತ್ತಗೆ. ಈ ಪಾಠ ನಮಗೆ ದುಡ್ಡು ಕೊಟ್ಟ ಮೇಲೆ ಆಯಿತು.

ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ಈಗೆಲ್ಲ 100 ರಾತ್ರಿ ಟ್ರಯಲ್ ಕೊಡ್ತಾರೆ, ಇಷ್ಟ ಆಗದಿದ್ದರೆ ವಾಪಸ್ ತಗೋತಾರೆ ಎಂದಳು. ಅವಳೇ ಆರ್ಡರ್ ಮಾಡಿದಳು. 75 ಇಂಚು ಉದ್ದ, 72 ಇಂಚು ಅಗಲ, 6 ಇಂಚು ದಪ್ಪದ ಮೆಮೊರಿ ಫೋಮ್. ‘40 ಡೆನ್ಸಿಟಿ’ ಎಂದು ದೊಡ್ಡ ಅಕ್ಷರದಲ್ಲಿ ಇತ್ತು. ಗಾಳಿ ತೆಗೆದು ಸುತ್ತಿದ ಸುರುಳಿ ಡಬ್ಬದಲ್ಲಿ ಬಂತು.

ಡೆನ್ಸಿಟಿ ಅಂದರೆ ಗಟ್ಟಿತನ ಅಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ, ಅಷ್ಟೇ. ತೂಕ ಜಾಸ್ತಿ ಇದ್ದರೆ ಅದರಲ್ಲಿ ಮಾಲು ಜಾಸ್ತಿ, ಬೇಗ ಕುಸಿಯುವುದಿಲ್ಲ. ಮೆತ್ತಗಿನ ಫೋಮೂ ಹೆಚ್ಚು ಡೆನ್ಸಿಟಿಯದ್ದಾಗಿರಬಹುದು, ಕಲ್ಲಿನಂಥ ಫೋಮೂ ಕಡಿಮೆಯದ್ದಾಗಿರಬಹುದು. ನಮ್ಮ ಮನೆಯವರು ಲೆಕ್ಕದ ಮೇಷ್ಟ್ರು. ಸುರುಳಿ ಬಿಚ್ಚುವ ಮೊದಲೇ ಅದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 17 ಕಿಲೋ. ಮೇಲಿನ ಬಟ್ಟೆಗೆ ಒಂದೂವರೆ ಕಿಲೋ ಬಿಟ್ಟರೆ ಫೋಮ್ 15.5. ಇಂಚನ್ನು ಮೀಟರಿಗೆ ತಿರುಗಿಸಿ ಉದ್ದ, ಅಗಲ, ದಪ್ಪ ಗುಣಿಸಿದರೆ 0.53 ಘನ ಮೀಟರ್. ಪೂರ್ತಿ 40 ಡೆನ್ಸಿಟಿ ಆಗಿದ್ದರೆ 21 ಕಿಲೋ ತೂಗಬೇಕಿತ್ತು. ಇಲ್ಲಿ ಸರಾಸರಿ 29.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಹುಡುಗಿ ನಯವಾಗಿಯೇ ಹೇಳಿದಳು, “ಮೇಡಂ, 40 ಅನ್ನೋದು ಮೇಲಿನ ಎರಡು ಇಂಚಿಗೆ.” ಅಂದರೆ ಕೆಳಗಿನ ನಾಲ್ಕು ಇಂಚು 24ರ ಆಸುಪಾಸು. ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ಮೆಮೊರಿ ಫೋಮ್ ಮೈಬಿಸಿಗೆ ಕರಗಿದ ಹಾಗೆ ಇಳಿದು ಆಕಾರ ಹಿಡಿಯುತ್ತದೆ. ಭಾರ ಹೊರುವುದು ಅದರ ಕೆಳಗಿನ ಪದರ. ಆ ಪದರದ ಬಗ್ಗೆ ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ, ಅಲ್ವಾ?

ಟ್ರಯಲ್ ಅಂದರೆ ಸುಮ್ನೆ ಮಲಗಿ ನೋಡುವುದಲ್ಲ, ಬರೆದಿಡಬೇಕು ಎಂದು ನಮ್ಮ ಮನೆಯವರು ಹಾಜರಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್ ಇಟ್ಟರು. ದಿನಕ್ಕೆ ಎರಡೇ ಅಂಕಿ. ಎದ್ದ ಕೂಡಲೇ ನೋವು ಹತ್ತಕ್ಕೆ ಎಷ್ಟು, ಬಿಡಲು ಎಷ್ಟು ನಿಮಿಷ. ಪಕ್ಕದಲ್ಲಿ ಬೇಕಾದರೆ ಒಂದು ಮಾತು, ‘ನಿನ್ನೆ ಬಸ್ ಪ್ರಯಾಣ’ ಅಂತಲೋ ‘ಅಕ್ಕಿ ಮೂಟೆ ಎತ್ತಿದೆ’ ಅಂತಲೋ. ಈ ಪಕ್ಕದ ಮಾತು ಮುಖ್ಯ. ಇಲ್ಲದಿದ್ದರೆ ಮೂಟೆಯ ತಪ್ಪನ್ನೂ ಹಾಸಿಗೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಮೊದಲ ಒಂಬತ್ತು ದಿನ ನನ್ನದು ಐದು, ಆರು. ಹಳೆಯದಕ್ಕಿಂತ ಏನೂ ಉತ್ತಮ ಇಲ್ಲ. ಮೈ ಹೊಸ ಹಾಸಿಗೆಗೆ ಹೊಂದಲು ಎರಡು ಮೂರು ವಾರ ಹಿಡಿಯುವುದು ಸಹಜ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರಿಂದ ಸುಮ್ಮನಿದ್ದೆ. ಮೂರನೇ ವಾರ ಎರಡಕ್ಕೆ ಇಳಿಯಿತು. ಅವರದು ಉಲ್ಟಾ ನಡೆಯಿತು. ಮೊದಲ ವಾರ ಎರಡು, “ಸ್ವರ್ಗ ಕಣೇ” ಎಂದರು. ಮೂರನೇ ವಾರ ಐದು. ನಾಲ್ಕನೆಯದರಲ್ಲಿ ಆರು, ಏಳು. ಅವರನ್ನು ಅಂಗಾತ ಮಲಗಿಸಿ ಸೊಂಟದ ಕೆಳಗೆ ಕೈ ತೂರಿಸಿ ನೋಡಿದೆ. ಕೈ ಒಳಗೇ ಹೋಗುತ್ತಿರಲಿಲ್ಲ, ಅಷ್ಟು ಹೂತಿದ್ದರು. ಹಳೇ ಕಾಯರ್ ಮೇಲೆ ನನ್ನ ಸೊಂಟದ ಕೆಳಗೆ ಕೈ ಆರಾಮಾಗಿ ಓಡಾಡುತ್ತಿತ್ತು. ಕೈ ಸ್ವಲ್ಪ ತಿಕ್ಕಿಕೊಂಡು ಹೋಗಬೇಕು. ಸಲೀಸಾಗಿ ಹೋದರೆ ಗಟ್ಟಿ ಜಾಸ್ತಿ, ಹೋಗದೇ ಇದ್ದರೆ ಮೆತ್ತಗೆ ಜಾಸ್ತಿ. ಅಂಗಡಿಯಲ್ಲೂ ಇದನ್ನು ಮಾಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ವಾಪಸ್ ಕೊಡುವುದು ಎಂದು ತೀರ್ಮಾನಿಸಿದ ಮೇಲೆ ನಿಯಮಗಳನ್ನು ಓದಿದೆವು. ಮೊದಲೇ ಓದಬೇಕಿತ್ತು. 100 ರಾತ್ರಿ ಎಣಿಕೆ ಶುರುವಾಗುವುದು ಡೆಲಿವರಿಯ ದಿನದಿಂದ, ನಾವು ಬಿಚ್ಚಿದ ದಿನದಿಂದಲ್ಲ. ಮೊದಲ 30 ರಾತ್ರಿ ವಾಪಸ್ ಕೇಳುವ ಹಾಗಿಲ್ಲ, ಮೈ ಹೊಂದಲಿ ಎಂದು. ಇದು ಮೋಸ ಅಲ್ಲ, ನನ್ನ ನೋಟ್‌ಬುಕ್ಕೇ ಅದಕ್ಕೆ ಸಾಕ್ಷಿ. ಕಲೆ ಇದ್ದರೆ ತೆಗೆದುಕೊಳ್ಳುವುದಿಲ್ಲ. ನಾವು ಅದೃಷ್ಟಕ್ಕೆ ಮೊದಲ ದಿನವೇ ಪ್ರೊಟೆಕ್ಟರ್ ಹಾಕಿದ್ದೆವು. ಹೇಳಿ ಮಾಡಿಸಿದ ಅಳತೆಗೆ ಟ್ರಯಲ್ ಇಲ್ಲ, ನಮ್ಮದು ರೆಡಿ ಅಳತೆಯೇ ಆದ್ದರಿಂದ ಬಚಾವ್. ಒಂದು ಮನೆಗೆ ಒಂದೇ ಸಲ ದುಡ್ಡು ವಾಪಸ್. ಸುರುಳಿ ಬಿಚ್ಚಿದ ಹಾಸಿಗೆಯನ್ನು ಮತ್ತೆ ಡಬ್ಬಕ್ಕೆ ಸೇರಿಸಲು ಆಗುವುದಿಲ್ಲ, ಹಾಗಾಗಿ ಟೆಂಪೋದವರು ಬರುವವರೆಗೆ ಅದು ನಮ್ಮ ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. 38ನೇ ದಿನ ಫೋನ್ ಮಾಡಿದೆವು, 49ನೇ ದಿನ ಬಂದು ತೆಗೆದುಕೊಂಡು ಹೋದರು, ಅದಾಗಿ ಎರಡು ವಾರಕ್ಕೆ ದುಡ್ಡು ಬಂತು. 95ನೇ ದಿನ ಎಚ್ಚೆತ್ತವರ ಗತಿ ಏನೋ.

ಇಷ್ಟರಲ್ಲಿ ಸ್ಪ್ರಿಂಗ್ ಬೆಡ್‌ನ ಆಸೆಯೂ ಹುಟ್ಟಿತ್ತು. ನಾದಿನಿಯ ಮನೆಯ ಹಳೇ ಸ್ಪ್ರಿಂಗ್ ಹಾಸಿಗೆಯ ಅನುಭವ ನನಗಿದೆ. ಅದು ಬಾನೆಲ್ ಜಾತಿಯದು, ಡಮರುಗದ ಆಕಾರದ ಸ್ಪ್ರಿಂಗುಗಳನ್ನು ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ. ಒಂದು ಕಡೆ ಒತ್ತಿದರೆ ಅಕ್ಕಪಕ್ಕದವೂ ಬಗ್ಗುತ್ತವೆ. 84 ಕಿಲೋ ಒಂದು ಕಡೆ ಬಿದ್ದರೆ 52 ಕಿಲೋ ರಾತ್ರಿಯೆಲ್ಲ ಇಳಿಜಾರಿನಲ್ಲಿ ಹಿಡಿದುಕೊಂಡು ಮಲಗಬೇಕು, ಸೊಂಟದ ಸ್ನಾಯು ಬಿಡುವೇ ಕಾಣುವುದಿಲ್ಲ. ಪಾಕೆಟ್ ಸ್ಪ್ರಿಂಗ್ ಬೇರೆ. ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆಯ ಚೀಲ, ಒಂದು ಇಳಿದರೆ ಪಕ್ಕದ್ದು ಅಷ್ಟಾಗಿ ಇಳಿಯುವುದಿಲ್ಲ. ಅಂಗಡಿಯಲ್ಲಿ ನಾವಿಬ್ಬರೂ ಚಪ್ಪಲಿ ಬಿಟ್ಟು, ದಿಂಬು ಇಟ್ಟುಕೊಂಡು, ಮನೆಯಲ್ಲಿ ಮಲಗುವ ಭಂಗಿಯಲ್ಲೇ ಹದಿನೈದು ನಿಮಿಷ ಮಲಗಿದೆವು. ಅಂಗಡಿ ಹುಡುಗ ಮೊಬೈಲ್ ನೋಡುತ್ತಾ ನಿಂತ. ನಾಚಿಕೆ ಆಗುತ್ತದೆ, ಆದರೆ ಕುಳಿತು ಎರಡು ಸಲ ಕುಪ್ಪಳಿಸಿದರೆ ಗೊತ್ತಾಗುವುದು ಸೋಫಾದ ಗುಣ.

ಇಬ್ಬರಿಗೂ ಹಿಡಿಸಿತು. ಆದರೂ ತೆಗೆದುಕೊಳ್ಳಲಿಲ್ಲ, ಎತ್ತರದ ಕಾರಣಕ್ಕೆ. ನಾವು ನೋಡಿದ್ದು 10 ಇಂಚಿನದು. ನಮ್ಮ ಮಂಚವೇ 16 ಇಂಚು. ಎರಡೂ ಸೇರಿದರೆ ಅಂಚಿನಲ್ಲಿ ಕೂತಾಗ ನನ್ನ ಪಾದ ನೆಲಕ್ಕೆ ಪೂರ್ತಿ ಊರುವುದಿಲ್ಲ. ಸೊಂಟ ನೋವಿನವರು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಪಾದ ನೆಲಕ್ಕೆ ಸಿಗದಿದ್ದರೆ ಜಾರಿ ಇಳಿಯಬೇಕಾಗುತ್ತದೆ. ಮಂಚ ತಗ್ಗಾಗಿರುವ ಮನೆಗೆ ಆ ಹಾಸಿಗೆ ಚೆನ್ನಾಗಿಯೇ ಇರುತ್ತಿತ್ತು.

ಆ ಅಂಗಡಿಯಲ್ಲಿ ಇನ್ನೊಂದು ವಿಷಯ ಕಂಡೆ. ‘ಆರ್ಥೋಪೆಡಿಕ್’ ಎಂಬ ಚೀಟಿ ಮೂರು ಹಾಸಿಗೆಗಳ ಮೇಲೆ ಇತ್ತು. ಒಂದು ಕಾಯರ್, ಒಂದು ಫೋಮ್, ಒಂದು ಸ್ಪ್ರಿಂಗ್. ಮೂರರ ಗಟ್ಟಿತನವೂ ಬೇರೆ ಬೇರೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಅತ್ತೆ. “ಇಬ್ಬರ ಸೊಂಟಾನೂ ಬೇರೆ ಬೇರೆ, ಹಾಸಿಗೆ ಮಾತ್ರ ಯಾಕೆ ಒಂದೇ ಬೇಕು?” ಎಂದರು. 72 ಇಂಚು ಅಗಲದ ಮಂಚಕ್ಕೆ 36 ಇಂಚಿನ ಎರಡು ಸಿಂಗಲ್ ಹಾಸಿಗೆ ಸರಿಯಾಗಿ ಕೂರುತ್ತವೆ. ದಪ್ಪ ಮಾತ್ರ ಎರಡಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ನಡುವೆ ಮೆಟ್ಟಿಲಾಗುತ್ತದೆ. ಅವರಿಗೆ ರೀಬಾಂಡೆಡ್ ಫೋಮ್, ಅಂದರೆ ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ್ದು. ಬಹಳ ತೂಕ, ಬಹಳ ಗಟ್ಟಿ, ಬೇಗ ಕುಸಿಯುವುದಿಲ್ಲ. ನಾಲ್ಕು ಇಂಚು ಅದು, ಮೇಲೆ ಎರಡು ಇಂಚು ಸಾಮಾನ್ಯ ಫೋಮ್. ನನಗೆ ಕೆಳಗೆ ನಾಲ್ಕು ಇಂಚು ಒಳ್ಳೇ ಡೆನ್ಸಿಟಿಯ ಫೋಮ್, ಮೇಲೆ ಎರಡು ಇಂಚು ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಫೋಮ್. ಲೇಟೆಕ್ಸ್ ಇಳಿಯುತ್ತದೆ, ಆದರೆ ಮೆಮೊರಿ ಫೋಮಿನ ಹಾಗೆ ಹಿಡಿದುಕೊಳ್ಳುವುದಿಲ್ಲ, ಮಗ್ಗುಲು ಬದಲಾಯಿಸುವುದು ಸಲೀಸು. ಈ ಸಲ ಬಿಲ್ಲಿನಲ್ಲಿ ಪದರ ಪದರದ ದಪ್ಪ ಮತ್ತು ಡೆನ್ಸಿಟಿ ಬರೆಸಿಕೊಂಡೆವು. ವಾರಂಟಿ ಚೀಟಿಯಲ್ಲಿ ಗುಂಡಿ 1 ಇಂಚು ದಾಟಿದರೆ ಬದಲಾಯಿಸಿಕೊಡುತ್ತೇವೆ ಎಂದಿದೆ. ದಾರ, ಸ್ಕೇಲ್ ಎರಡೂ ಡ್ರಾದಲ್ಲೇ ಇವೆ.

ನಡುವಿನ ಸಂದಿಗೆ ನನ್ನ ಹಳೇ ವಾಯಿಲ್ ಸೀರೆಯನ್ನು ಸುರುಳಿ ಮಾಡಿ ತುರುಕಿ, ಮೇಲೆ ಒಂದೇ ದೊಡ್ಡ ಬೆಡ್‌ಶೀಟ್ ಬಿಗಿದಿದ್ದೇನೆ. ನಾಲ್ಕು ತಿಂಗಳಾಯಿತು. ನೋಟ್‌ಬುಕ್ಕಿನಲ್ಲಿ ನನ್ನದು ಸೊನ್ನೆ ಅಥವಾ ಒಂದು, ಅವರದು ಎರಡರ ಸುತ್ತ. ಪೂರ್ತಿ ಹೋಗಿಲ್ಲ. ಅವರು ದಿನಕ್ಕೆ ಮೂರು ಗಂಟೆ ಉತ್ತರ ಪತ್ರಿಕೆಯ ಮೇಲೆ ಬಗ್ಗಿ ಕೂರುತ್ತಾರೆ, ಅದಕ್ಕೆ ಹಾಸಿಗೆ ಏನು ಮಾಡೀತು?

ಹಳೇ ಕಾಯರ್ ಹಾಸಿಗೆಯನ್ನು ಕುಯ್ದು ನೋಡಿದೆವು. ಅವರ ಕಡೆ ಒಳಗೆ ಬರೀ ಪುಡಿ, ಅದನ್ನು ತೆಂಗಿನ ಗಿಡದ ಬುಡಕ್ಕೆ ಸುರಿಯೋಣ ಎಂದರೆ ರಬ್ಬರ್ ಸೇರಿದೆ, ಬೇಡ ಎಂದು ಬಿಟ್ಟೆವು. ನನ್ನ ಕಡೆಯ ಅರ್ಧ ಗಟ್ಟಿಮುಟ್ಟಾಗಿತ್ತು. ಅದನ್ನು ಜಗಲಿಯ ಬೆಂಚಿನ ಅಳತೆಗೆ ಕತ್ತರಿಸಿ ಹೊಸ ಬಟ್ಟೆ ಹೊಲಿಸಿದೆ. ಮಾವ ಮಧ್ಯಾಹ್ನ ಊಟ ಆದ ಮೇಲೆ ಅದರ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಾರೆ. ಎದ್ದ ಮೇಲೆ ದಿನಾ ಅದೇ ಮಾತು, “ನೋಡಮ್ಮಾ, ಹಾಸಿಗೆ ಅಂದ್ರೆ ಹೀಗೆ ಗಟ್ಟಿಯಾಗಿರಬೇಕು.”